ರಜೆಯ ಆಟೋ ರಿಪ್ಲೈ: ಯಾವಾಗ ಬರ್ತೀರಿ, ಅಲ್ಲಿವರೆಗೆ ಯಾರು, ಅಷ್ಟೇ

ಪ್ರಶ್ನೆ: ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳ ಬಿಲ್, ಪೇಮೆಂಟ್, ಜಿಎಸ್‌ಟಿ ಲೆಕ್ಕ ಎಲ್ಲಾ ನನ್ನ ಮೇಲ್‌ಗೇ ಬರುತ್ತೆ. ನವೆಂಬರ್ 12ರಿಂದ 23ರವರೆಗೆ ರಜೆ ಹಾಕಿದ್ದೇನೆ. ಆಟೋ ರಿಪ್ಲೈ ಹೀಗೆ ಬರೆದುಕೊಂಡಿದ್ದೇನೆ:

> ನಮಸ್ಕಾರ. ನಿಮ್ಮ ಮೇಲ್‌ಗೆ ತುಂಬಾ ಧನ್ಯವಾದಗಳು. ನನ್ನ ತಂಗಿಯ ಮದುವೆಗೆ ಶಿರಸಿಗೆ ಹೋಗುತ್ತಿದ್ದು, ಅಲ್ಲಿಂದ ಮನೆಯವರೆಲ್ಲ ಸೇರಿ ಕಾಶಿಗೆ ಹೋಗುತ್ತಿರುವುದರಿಂದ ನವೆಂಬರ್ 12ರಿಂದ ಸುಮಾರು ಎರಡು ವಾರ ರಜೆಯಲ್ಲಿರುತ್ತೇನೆ. ನೆಟ್‌ವರ್ಕ್ ಸಿಗುವುದು ಕಷ್ಟ, ಆದರೂ ಸಾಧ್ಯವಾದಾಗ ಮೇಲ್ ನೋಡುತ್ತೇನೆ. ತುಂಬಾ ಅರ್ಜೆಂಟ್ ಇದ್ದರೆ ನನ್ನ ಮೊಬೈಲ್‌ಗೆ ಕರೆ ಮಾಡಿ ಅಥವಾ ನಮ್ಮ ಮ್ಯಾನೇಜರ್ ಅವರನ್ನು ಕೇಳಿ. ನಾನು ಬರುವವರೆಗೆ ಪೇಮೆಂಟ್‌ಗಳನ್ನು ಅವರೊಬ್ಬರೇ ನೋಡಿಕೊಳ್ಳುತ್ತಾರೆ. ತೊಂದರೆಗೆ ಕ್ಷಮೆ ಇರಲಿ.

ಮ್ಯಾನೇಜರ್ ನೋಡಿ ‘ಇಷ್ಟೆಲ್ಲಾ ಯಾಕಮ್ಮಾ’ ಅಂದರು. ಪಕ್ಕದ ಸೀಟಿನವರು ‘ಕಾರಣ ಹೇಳದೆ ಬರೀ ರಜೆ ಅಂದ್ರೆ ಒರಟಾಗಿ ಕಾಣ್ಸುತ್ತೆ’ ಅಂತಾರೆ. ಹೋದ ಸಲ ರಜೆಯಲ್ಲಿದ್ದಾಗಲೂ ದಿನಾ ಫೋನ್ ಬರ್ತಾನೇ ಇತ್ತು. ಏನು ಉಳಿಸಲಿ, ಏನು ತೆಗೆಯಲಿ?

ಉತ್ತರ: ನಿಮ್ಮ ಮ್ಯಾನೇಜರ್ ಹೇಳಿದ್ದು ಸರಿ. ಆದರೆ ಬರಹ ಉದ್ದವಾಗಿರುವುದು ಅದರ ಚಿಕ್ಕ ತೊಂದರೆ. ಇಷ್ಟೆಲ್ಲಾ ಬರೆದರೂ ಓದುವವರಿಗೆ ಬೇಕಾದ ಎರಡು ವಿಷಯ ಅದರಲ್ಲಿ ಸಿಗುವುದಿಲ್ಲ. ನೀವು ಯಾವ ದಿನ ಸೀಟಿಗೆ ಬರುತ್ತೀರಿ ಅನ್ನುವುದಿಲ್ಲ. ಅಲ್ಲಿಯವರೆಗೆ ಯಾವ ವಿಳಾಸಕ್ಕೆ ಬರೆಯಬೇಕು ಅನ್ನುವುದೂ ಇಲ್ಲ. ಸಿಗುವುದೆಲ್ಲ ಅವರಿಗೆ ಬೇಡದ್ದು. ಅದರಲ್ಲಿ ಸ್ವಲ್ಪ ಅಪಾಯದ್ದೂ ಇದೆ.

ಈ ಮೇಲ್ ಯಾರ ಕೈಗೆ ಹೋಗುತ್ತದೆ ಅಂತ ಒಮ್ಮೆ ಯೋಚಿಸಿ. ಒಬ್ಬ ಸಪ್ಲೈಯರ್ ಬಿಲ್ ಕಳಿಸಿ ‘ಪೇಮೆಂಟ್ ಯಾವಾಗ’ ಅಂತ ಕೇಳಿರುತ್ತಾರೆ. ನಿಮ್ಮ ಆಟೋ ರಿಪ್ಲೈ ಬಂದ ತಕ್ಷಣ ಅವರು ಒಂದೇ ಒಂದು ತೀರ್ಮಾನ ಮಾಡಬೇಕು: ಕಾಯಬೇಕಾ, ಇಲ್ಲ ಬೇರೆಯವರನ್ನು ಕೇಳಬೇಕಾ? ಅದಕ್ಕೆ ಒಂದು ತಾರೀಖು ಮತ್ತು ಒಂದು ವಿಳಾಸ ಸಾಕು. ಒಂದು ಸಾಲು ಆ ತೀರ್ಮಾನಕ್ಕೆ ನೆರವಾಗುವುದಿಲ್ಲ ಅಂದರೆ ಅದನ್ನು ತೆಗೆದುಬಿಡಿ. ಆಫೀಸುಗಳಿಗೆ ಮೇಲ್ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿ ನಾನು ಇಂಥ ಬರಹಗಳನ್ನು ತಿದ್ದುತ್ತಲೇ ಇರುತ್ತೇನೆ. ಈ ಒಂದು ಅಳತೆ ಇಟ್ಟುಕೊಂಡರೆ ಮಿಕ್ಕ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಕಾರಣ ಹೇಳದಿದ್ದರೆ ಒರಟಾಗುತ್ತದೆಯೇ?

ಇಲ್ಲ. ನಿಮ್ಮ ಸಹೋದ್ಯೋಗಿ ಹೇಳುವುದು ಎದುರಿಗೆ ಕೂತು ಮಾತಾಡುವಾಗ ನಿಜ. ಗೊತ್ತಿರುವವರು ‘ಎಲ್ಲಿಗೆ ಹೊರಟಿದ್ದೀರಿ’ ಅಂದಾಗ ಸುಮ್ನಿದ್ದರೆ ಚೆನ್ನಾಗಿರುವುದಿಲ್ಲ. ಆದರೆ ಆಟೋ ರಿಪ್ಲೈ ಗೊತ್ತಿರುವವರಿಗೆ ಮಾತ್ರ ಹೋಗುವುದಿಲ್ಲ. ಕೊಟೇಶನ್ ಕಳಿಸಿದ ಸೇಲ್ಸ್‌ನವರಿಗೆ, ಕೆಲಸ ಕೇಳಿ ಬರೆದವರಿಗೆ, ನೀವು ಹೆಸರೇ ಕೇಳದವರಿಗೆ ಎಲ್ಲರಿಗೂ ಅದೇ ಉತ್ತರ ಹೋಗುತ್ತದೆ. ತಂಗಿಯ ಮದುವೆಯ ವಿಷಯವನ್ನು ನೀವು ಅವರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಿರಾ? ಮನೆಯವರೆಲ್ಲ ಊರಲ್ಲಿಲ್ಲ ಅನ್ನುವುದನ್ನಂತೂ ಹೊರಗಿನವರಿಗೆ ಹೇಳಲೇಬಾರದು. ಮದುವೆಗೆ ಕರೆಯಬೇಕಾದ ಸಪ್ಲೈಯರ್ ಇದ್ದರೆ ಅವರಿಗೆ ಲಗ್ನಪತ್ರಿಕೆಯೇ ಹೋಗಿರುತ್ತದೆ.

ಮೇಲ್ ಕಳಿಸಿದವರಿಗೆ ಮರ್ಯಾದೆ ಅನ್ನಿಸುವುದು ಅವರ ಕೆಲಸ ನಿಲ್ಲದಿದ್ದಾಗ. ಕ್ಷಮೆ ಕೇಳುವುದೂ ಬೇಡ. ರಜೆ ಹಾಕಿದ್ದೀರಿ, ತಪ್ಪೇನೂ ಮಾಡಿಲ್ಲ. ‘ನಮಸ್ಕಾರ’ ಇರಲಿ, ‘ದಯವಿಟ್ಟು’ ಇರಲಿ. ಅಷ್ಟು ಸಾಕು.

‘ಸಾಧ್ಯವಾದಾಗ ನೋಡುತ್ತೇನೆ’

ದಿನಾ ಫೋನ್ ಬರುವುದಕ್ಕೆ ಕಾರಣ ಈ ಸಾಲು, ಮತ್ತು ಅದರ ಪಕ್ಕದ ಮೊಬೈಲ್ ನಂಬರ್. ಎಲ್ಲರೂ ಇದನ್ನು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ. ಓದುವವರಿಗೆ ಮಾತ್ರ ಇದು ಅರ್ಧ ಮಾತು ಕೊಟ್ಟ ಹಾಗೆ. ನಾಳೆ ನೋಡಬಹುದೇನೋ ಅಂತ ಕಾಯುತ್ತಾರೆ. ಎರಡು ದಿನ ಆದ ಮೇಲೆ ನೆನಪಿಸಿ ಇನ್ನೊಂದು ಮೇಲ್ ಹಾಕುತ್ತಾರೆ. ಅದಕ್ಕೂ ಉತ್ತರ ಬರಲಿಲ್ಲ ಅಂದರೆ ನೀವೇ ಕೊಟ್ಟ ನಂಬರ್‌ಗೆ ಫೋನ್ ಮಾಡುತ್ತಾರೆ. ನೋಡುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಅವರು ಅವತ್ತೇ ಬೇರೆ ವಿಳಾಸಕ್ಕೆ ಬರೆದು ಕೆಲಸ ಮುಗಿಸಿಕೊಳ್ಳುತ್ತಿದ್ದರು.

‘ತುಂಬಾ ಅರ್ಜೆಂಟ್ ಇದ್ದರೆ’ ಅನ್ನುವುದೂ ಹಾಗೇ. ಬಿಲ್ ಬಾಕಿ ಇರುವವರಿಗೆ ತಮ್ಮ ಬಿಲ್ ಯಾವತ್ತೂ ಅರ್ಜೆಂಟೇ. ಅದರ ಬದಲು ‘24ನೇ ತಾರೀಖಿಗೆ ಮೊದಲು ಉತ್ತರ ಬೇಕಿದ್ದರೆ’ ಅಂತ ಬರೆಯಿರಿ. ಆಗ ಅರ್ಜೆಂಟಾ ಅಲ್ಲವಾ ಅನ್ನುವ ಲೆಕ್ಕ ಬರುವುದೇ ಇಲ್ಲ. ಕ್ಯಾಲೆಂಡರ್ ನೋಡಿ ಅವರೇ ತೀರ್ಮಾನ ಮಾಡುತ್ತಾರೆ.

ನಿಜವಾದ ಅಪಾಯ ಎಲ್ಲಿದೆ

‘ಪೇಮೆಂಟ್‌ಗಳನ್ನು ಅವರೊಬ್ಬರೇ ನೋಡಿಕೊಳ್ಳುತ್ತಾರೆ’ ಅನ್ನುವ ಸಾಲನ್ನು ಇವತ್ತೇ ಅಳಿಸಿ. ಅಕೌಂಟ್ಸ್‌ನಲ್ಲಿರುವವರ ಆಟೋ ರಿಪ್ಲೈ ಮೋಸ ಮಾಡುವವರಿಗೆ ಹೇಗೆ ಅನುಕೂಲವಾಗುತ್ತದೆ ಅಂತ ನಿಮ್ಮ ಬರಹವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಯಾರೋ ಒಬ್ಬರು ನಿಮ್ಮ ವಿಳಾಸಕ್ಕೆ ‘ಬಿಲ್ ಸ್ಟೇಟಸ್ ತಿಳಿಸಿ’ ಅಂತ ಒಂದು ಸಾಮಾನ್ಯ ಮೇಲ್ ಹಾಕುತ್ತಾರೆ. ಒಂದು ನಿಮಿಷದಲ್ಲಿ ಉತ್ತರ ಬರುತ್ತದೆ. ಈ ವಿಳಾಸವನ್ನು ಯಾರೋ ಬಳಸುತ್ತಿದ್ದಾರೆ ಅಂತ ಅದರಿಂದಲೇ ಖಾತ್ರಿಯಾಯಿತು. ನೀವು ಎರಡು ವಾರ ಇರುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ, ದುಡ್ಡಿಗೆ ಒಪ್ಪಿಗೆ ಕೊಡುವುದು ಮ್ಯಾನೇಜರ್ ಒಬ್ಬರೇ ಅನ್ನುವುದೂ ಗೊತ್ತಾಯಿತು. ಇನ್ನು ನಿಮ್ಮ ಒಬ್ಬ ಸಪ್ಲೈಯರ್ ಹೆಸರಿಗೆ ಒಂದೇ ಅಕ್ಷರ ವ್ಯತ್ಯಾಸ ಇರುವ ಮೇಲ್ ವಿಳಾಸ ಮಾಡಿಕೊಂಡು ಮ್ಯಾನೇಜರ್‌ಗೆ ಬರೆಯುತ್ತಾರೆ: ‘ನಿಮ್ಮ ಅಕೌಂಟ್ಸ್ ಮೇಡಂ ಶಿರಸಿಗೆ ಮದುವೆಗೆ ಹೊರಡುವ ಮೊದಲೇ ಹೇಳಿದ್ದೆವು, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ತಿಂಗಳ ಪೇಮೆಂಟ್ ಹೊಸ ಖಾತೆಗೆ ಹಾಕಿ.’ ಮ್ಯಾನೇಜರ್ ಯಾಕೆ ನಂಬುತ್ತಾರೆ? ಮದುವೆಯ ವಿಷಯ ಒಳಗಿನವರಿಗೆ ಮಾತ್ರ ಗೊತ್ತಿರುವ ಮಾತಿನಂತೆ ಕೇಳಿಸುತ್ತದೆ. ಕೇಳಿ ಖಾತ್ರಿ ಮಾಡಿಕೊಳ್ಳೋಣ ಅಂದರೆ ನೀವು ರೈಲಿನಲ್ಲಿರುತ್ತೀರಿ.

‘ಸ್ಪ್ಯಾಮ್ ಫಿಲ್ಟರ್ ಇದೆಯಲ್ಲ’ ಅಂತ ಅನೇಕರು ಸಮಾಧಾನ ಮಾಡಿಕೊಳ್ಳುತ್ತಾರೆ. ಜಿಮೇಲ್ ತಾನು ಸ್ಪ್ಯಾಮ್ ಅಂತ ಗುರುತಿಸಿದ ಮೇಲ್‌ಗೆ ರಜೆಯ ಉತ್ತರ ಕಳಿಸುವುದಿಲ್ಲ, ನಿಜ. ಆದರೆ ಲಿಂಕ್ ಇಲ್ಲದ, ಅಟ್ಯಾಚ್‌ಮೆಂಟ್ ಇಲ್ಲದ ಒಂದು ಸಾಲಿನ ಮೇಲ್ ಇನ್‌ಬಾಕ್ಸ್‌ಗೇ ಬಂದು ಬೀಳುವುದು ಜಾಸ್ತಿ.

ಹಾಗಂತ ‘ಇಮೇಲ್ ಮೂಲಕ ಬ್ಯಾಂಕ್ ಖಾತೆ ಬದಲಾವಣೆ ಒಪ್ಪುವುದಿಲ್ಲ’ ಅಂತ ಆಟೋ ರಿಪ್ಲೈಯಲ್ಲಿ ಎಚ್ಚರಿಕೆ ಸೇರಿಸಬೇಡಿ. ಅದು ಆಫೀಸಿನ ಒಳಗೆ ಇರಬೇಕಾದ ನಿಯಮ. ‘ನಾನು ಬರುವವರೆಗೆ ಯಾವ ಸಪ್ಲೈಯರ್ ಖಾತೆಯನ್ನೂ ಬದಲಿಸಬೇಡಿ, ಬದಲಿಸಲೇಬೇಕಾದರೆ ನಮ್ಮ ಹಳೆಯ ಫೈಲಿನಲ್ಲಿರುವ ನಂಬರ್‌ಗೆ ಕರೆ ಮಾಡಿ ಕೇಳಿ, ಮೇಲ್‌ನಲ್ಲಿ ಬಂದ ನಂಬರ್‌ಗಲ್ಲ’ ಅಂತ ಮ್ಯಾನೇಜರ್‌ಗೆ ಹೇಳಿ ಹೊರಡಿ. ಅಕಸ್ಮಾತ್ ದುಡ್ಡು ತಪ್ಪು ಖಾತೆಗೆ ಹೋಗಿಬಿಟ್ಟರೆ ನೀವು ಬರುವವರೆಗೆ ಕಾಯದೆ ಆ ಕ್ಷಣವೇ ಬ್ಯಾಂಕಿಗೂ 1930 ಸೈಬರ್ ವಂಚನೆ ಸಹಾಯವಾಣಿಗೂ ಕರೆ ಮಾಡಬೇಕು ಅನ್ನುವುದೂ ಅವರಿಗೆ ಗೊತ್ತಿರಲಿ.

ತಾರೀಖು ಹೇಗೆ ಬರೆಯಬೇಕು

‘ಸುಮಾರು ಎರಡು ವಾರ’ ಅಂದರೆ ಓದುವವರು ಬೆರಳು ಮಡಿಸಿ ಎಣಿಸಬೇಕು. ಎಣಿಸಿದರೂ ದಿನ ಸಿಗುವುದಿಲ್ಲ. ‘23ರವರೆಗೆ ರಜೆ’ ಅಂತ ಬರೆದರೂ 23ರಂದು ಸಿಗುತ್ತೀರಾ ಇಲ್ಲವಾ ಅನ್ನುವ ಅನುಮಾನ ಉಳಿಯುತ್ತದೆ. ಅದಕ್ಕೇ ರಜೆ ಮುಗಿಯುವ ದಿನದ ಬದಲು ನೀವು ಕೆಲಸಕ್ಕೆ ಕೂರುವ ದಿನವನ್ನು ಬರೆಯಿರಿ, ವಾರದ ಹೆಸರಿನ ಜೊತೆ. 12 ಬುಧವಾರ ಶುರು, 22 ನಾಲ್ಕನೇ ಶನಿವಾರ, 23 ಭಾನುವಾರ. ಹಾಗಾದರೆ ನೀವು ಬರೆಯಬೇಕಾದದ್ದು ‘ನವೆಂಬರ್ 24, ಸೋಮವಾರ’. ತಾರೀಖು ಟೈಪ್ ಮಾಡುವಾಗ ಕೈತಪ್ಪಿದರೂ ವಾರದ ಹೆಸರು ಹೊಂದದೆ ಸಿಕ್ಕಿಬೀಳುತ್ತದೆ. ತಿಂಗಳನ್ನೂ ಅಂಕಿಯಲ್ಲಿ ಬರೆಯಬೇಡಿ. ಹೊರದೇಶದ ಗ್ರಾಹಕರಿದ್ದರೆ 12/11 ಅನ್ನುವುದನ್ನು ಡಿಸೆಂಬರ್ 11 ಅಂತ ಓದುವವರೂ ಇದ್ದಾರೆ.

ರೈಲು ತಡವಾಗಬಹುದು, ಬಂದ ದಿನ ಮೇಲ್ ರಾಶಿ ಬಿದ್ದಿರುತ್ತದೆ ಅನ್ನುವ ಹೆದರಿಕೆ ಇದ್ದರೆ ಒಂದು ದಿನ ಮುಂದಕ್ಕೆ ಹಾಕಿ 25 ಮಂಗಳವಾರ ಅಂತ ಬರೆಯಬಹುದು. ತಪ್ಪಿಲ್ಲ. ಆದರೆ ‘24ರಂದು ಬಂದು ಎಲ್ಲರಿಗೂ ಉತ್ತರಿಸುತ್ತೇನೆ’ ಅಂತ ಮಾತ್ರ ಬರೆಯಬೇಡಿ. ಅವತ್ತು ಸಂಜೆಯೊಳಗೆ ಆಗುವ ಕೆಲಸ ಅಲ್ಲ ಅದು.

ಬದಲಿಗೆ ಯಾರನ್ನು ಹೆಸರಿಸಬೇಕು

ಇಲ್ಲಿ ಆಯ್ಕೆಗಳಿವೆ, ಒಂದೊಂದಕ್ಕೂ ಒಂದೊಂದು ತೊಡಕು. ಮ್ಯಾನೇಜರ್ ಹೆಸರು ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾನು ಬೇಡ ಅನ್ನುತ್ತೇನೆ. ದುಡ್ಡಿಗೆ ಸಹಿ ಹಾಕುವವರನ್ನು ಹೊರಗಿನವರಿಗೆ ನೇರವಾಗಿ ತೋರಿಸಿಕೊಟ್ಟ ಹಾಗಾಗುತ್ತದೆ. ಜೊತೆಗೆ ‘ಬಿಲ್ ಬಂತಾ’ ಅಂತ ಕೇಳುವ ಮೇಲ್‌ಗಳಿಗೆ ಅವರು ಉತ್ತರ ಕೊಡುತ್ತಾ ಕೂರುವುದಿಲ್ಲ.

ಸಹೋದ್ಯೋಗಿಯ ಹೆಸರು ಕೊಡಬಹುದು. ಆಗ ಹೊರಡುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ಅವರು ಒಪ್ಪಿದ್ದಾರಾ? ಆ ದಿನಗಳಲ್ಲಿ ಅವರೇ ರಜೆ ಹಾಕಿಲ್ಲ ತಾನೆ? ಉತ್ತರ ಕೊಡಲು ಬೇಕಾದ್ದು ಅವರಿಗೆ ತೆರೆಯುತ್ತದಾ? ಮೂರನೆಯದನ್ನೇ ಎಲ್ಲರೂ ಮರೆಯುವುದು. ಟ್ಯಾಲಿಯಲ್ಲಿ ಸಪ್ಲೈಯರ್ ಲೆಡ್ಜರ್ ನೋಡಲು ಅವರಿಗೆ ಅನುಮತಿ ಇಲ್ಲ ಅಂದರೆ ‘ಮೇಡಂ ಬರಲಿ’ ಅನ್ನುವುದು ಬಿಟ್ಟು ಅವರು ಏನೂ ಹೇಳಲಾರರು. ನಿಮ್ಮ ವಿಷಯದಲ್ಲಿ ಇನ್ನೊಂದಿದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕಂಪನಿಯಾದರೆ ಜಿಎಸ್‌ಟಿಆರ್-3ಬಿ ಕೊನೆಯ ದಿನ 20ನೇ ತಾರೀಖು. ಅದು ಸರಿಯಾಗಿ ನಿಮ್ಮ ರಜೆಯ ನಡುವೆ ಬೀಳುತ್ತದೆ. ತೆರಿಗೆ ಸಲಹೆಗಾರರ ಮೇಲ್‌ಗೆ ಆಟೋ ರಿಪ್ಲೈ ಹೋದರೆ ಸಾಲದು. ಯಾರಿಗೆ ಬರೆಯಬೇಕು ಅಂತ ಅವರಿಗೆ ಮೊದಲೇ ಒಂದು ಫೋನ್ ಮಾಡಿ ಹೇಳಿ.

ನಾನು ಹೇಳುವುದು ಹುದ್ದೆಯ ಹೆಸರಿನ ಒಂದು ಸಾಮಾನ್ಯ ವಿಳಾಸ. ಅಂದರೆ `accounts@` ಅಂತ ಶುರುವಾಗುವ, ಇಬ್ಬರು ಮೂವರು ತೆರೆದು ನೋಡುವ ಮೇಲ್. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರು ನೋಡುತ್ತಾರೆ. ಯಾರ ಹೆಸರೂ ನಂಬರೂ ಹೊರಗೆ ಹೋಗುವುದಿಲ್ಲ. ಇದರ ತೊಡಕು ಏನೆಂದರೆ, ‘ಅವರು ನೋಡ್ತಾರೆ’ ಅಂತ ಇವರು, ‘ಇವರು ನೋಡ್ತಾರೆ’ ಅಂತ ಅವರು, ಕೊನೆಗೆ ಯಾರೂ ನೋಡುವುದಿಲ್ಲ. ಹಾಗಾಗಿ ಈ ಹನ್ನೆರಡು ದಿನ ಅದು ಇಂಥವರದೇ ಜವಾಬ್ದಾರಿ ಅಂತ ಒಬ್ಬರ ಹೆಸರನ್ನು ಆಫೀಸಿನ ಒಳಗೆ ಗೊತ್ತುಮಾಡಿ ಹೋಗಿ.

ಎಲ್ಲಾ ಮೇಲ್‌ಗಳನ್ನೂ ಸಹೋದ್ಯೋಗಿಗೆ ಫಾರ್ವರ್ಡ್ ಮಾಡಿಬಿಡುವವರಿದ್ದಾರೆ. ಸಂಬಳದ ವಿಷಯ, ನಿಮ್ಮ ಸ್ವಂತ ವಿಷಯ ಎಲ್ಲವೂ ಅಲ್ಲಿಗೆ ಹೋಗುತ್ತದೆ. ಅವರಿಗೂ ತಲೆನೋವು. ಬೇಡ.

ತಿದ್ದಿದ ಮೇಲೆ

ಹೊರಗಿನವರಿಗೆ ಹೋಗುವ ಉತ್ತರ ಇಷ್ಟು:

> ವಿಷಯ: ರಜೆಯಲ್ಲಿದ್ದೇನೆ, ನವೆಂಬರ್ 24 ಸೋಮವಾರ ಮರಳುತ್ತೇನೆ
>
> ನಮಸ್ಕಾರ,
>
> ನವೆಂಬರ್ 12 ಬುಧವಾರದಿಂದ ರಜೆಯಲ್ಲಿರುತ್ತೇನೆ. ನವೆಂಬರ್ 24 ಸೋಮವಾರ ಕೆಲಸಕ್ಕೆ ಬರುತ್ತೇನೆ. ಈ ಅವಧಿಯಲ್ಲಿ ಮೇಲ್ ನೋಡುವುದಿಲ್ಲ.
>
> ಬಿಲ್ ಮತ್ತು ಪೇಮೆಂಟ್ ಬಗ್ಗೆ ಅದಕ್ಕೂ ಮೊದಲು ಉತ್ತರ ಬೇಕಿದ್ದರೆ ದಯವಿಟ್ಟು ಇದೇ ಮೇಲನ್ನು `accounts@example.com` ಗೆ ಮತ್ತೆ ಕಳಿಸಿ.

ಕೆಳಗೆ ನಿಮ್ಮ ಹೆಸರು. ವಿಳಾಸದ ಜಾಗದಲ್ಲಿ ನಿಮ್ಮ ಕಂಪನಿಯದ್ದು ಹಾಕಿಕೊಳ್ಳಿ. ‘ಮತ್ತೆ ಕಳಿಸಿ’ ಅನ್ನುವ ಮಾತನ್ನು ಬೇಕೆಂದೇ ಇಟ್ಟಿದ್ದೇನೆ. ಆಟೋ ರಿಪ್ಲೈಯಲ್ಲಿ ಬೇರೆ ವಿಳಾಸ ಕಂಡರೆ ತಮ್ಮ ಮೇಲ್ ಆಗಲೇ ಅಲ್ಲಿಗೂ ಹೋಗಿದೆ ಅಂದುಕೊಂಡು ಸುಮ್ನೆ ಕೂರುವವರು ತುಂಬಾ ಜನ. ಕನ್ನಡ ಓದಲು ಬಾರದ ಸಪ್ಲೈಯರ್‌ಗಳಿದ್ದರೆ ಇದೇ ಸಾಲುಗಳನ್ನು ಇಂಗ್ಲಿಷಿನಲ್ಲಿ ಕೆಳಗೆ ಹಾಕಿ. ಅಲ್ಲಿ ಹೊಸ ವಿಷಯ ನುಸುಳದಿರಲಿ.

ಆಫೀಸಿನ ಒಳಗಿನವರಿಗೆ ಹೋಗುವ ಉತ್ತರದಲ್ಲಿ ಜವಾಬ್ದಾರಿ ಹೊತ್ತವರ ಹೆಸರು ಬರೆಯಬಹುದು, ಫೈಲ್ ಯಾವ ಫೋಲ್ಡರಿನಲ್ಲಿದೆ ಅಂತಲೂ ಹೇಳಬಹುದು. ಅದು ಅವರ ಕೆಲಸಕ್ಕೆ ಬೇಕು. ಕಾಶಿಯ ವಿಷಯ ಅಲ್ಲೂ ಬೇಡ. ಅದನ್ನು ಪ್ರಸಾದ ಹಂಚುವಾಗ ಹೇಳಿದರೆ ಆಯಿತು.

ಸೆಟ್ ಮಾಡುವಾಗ ಕೈಕೊಡುವ ಜಾಗಗಳು

ಬರಹ ಸರಿಯಾಗಿದ್ದರೂ ಕೆಲವು ಸಲ ಸೆಟ್ಟಿಂಗ್ ಕೆಡಿಸುತ್ತದೆ. ನೀವು ಔಟ್‌ಲುಕ್ ಬಳಸುತ್ತಿದ್ದರೆ Automatic Replies ಒಳಗೆ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು, ಹೀಗೆ ಎರಡು ಪೆಟ್ಟಿಗೆ ಇರುತ್ತವೆ. ಹೊರಗಿನವರದ್ದನ್ನು ಬೇರೆಯಾಗಿಯೇ ತುಂಬಬೇಕು. ಅಲ್ಲೇ ‘ನನ್ನ ಕಾಂಟ್ಯಾಕ್ಟ್‌ಗಳಿಗೆ ಮಾತ್ರ’ ಅನ್ನುವ ಆಯ್ಕೆಯೂ ಇದೆ. ಅಪರಿಚಿತರಿಗೆ ಉತ್ತರ ಹೋಗದಂತೆ ತಡೆಯಲು ಅದು ಒಳ್ಳೆಯದು. ಆದರೆ ವಿಳಾಸ ಟೈಪ್ ಮಾಡುವಾಗ ತಾನಾಗಿ ಬರುವ ಹೆಸರುಗಳೆಲ್ಲ ಕಾಂಟ್ಯಾಕ್ಟ್ ಆಗಿರುವುದಿಲ್ಲ. ನಿಮ್ಮ ಸಪ್ಲೈಯರ್‌ಗಳನ್ನು ಒಬ್ಬೊಬ್ಬರನ್ನಾಗಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಆಯ್ಕೆ ಹಿಡಿಯಿರಿ. ಇಲ್ಲದಿದ್ದರೆ ಬೇಕಾದವರಿಗೇ ಉತ್ತರ ಹೋಗುವುದಿಲ್ಲ. ಮೇಲಿನ ಬರಹದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲದಿರುವುದರಿಂದ ಎಲ್ಲರಿಗೂ ಕಳಿಸುವುದು ನಿಮಗೆ ಹೆಚ್ಚು ಸರಿ.

ಜಿಮೇಲ್ ಆದರೆ ಇದರ ಹೆಸರು Vacation responder. ಶುರುವಿನ ದಿನ 12, ಕೊನೆಯ ದಿನ 23 ಅಂತ ಹಾಕಿ. ಅದು ಕೊನೆಯ ದಿನ ರಾತ್ರಿ 11:59ರವರೆಗೆ ನಡೆಯುತ್ತದೆ. 24 ಅಂತ ಹಾಕಿದರೆ ನೀವು ಸೀಟಿನಲ್ಲಿ ಕೂತಿದ್ದರೂ ರಜೆಯ ಉತ್ತರ ಹೋಗುತ್ತಲೇ ಇರುತ್ತದೆ. ಕೊನೆಯ ದಿನ ತುಂಬದೇ ಬಿಟ್ಟರೆ ಡಿಸೆಂಬರ್‌ನಲ್ಲೂ ಹೋಗುತ್ತಿರುತ್ತದೆ.

ಜಿಮೇಲ್‌ನಲ್ಲಿ ಇನ್ನೊಂದು ವಿಷಯವನ್ನು ಖಂಡಿತ ನೋಡಿಕೊಳ್ಳಿ. ನಿಮ್ಮ ಸಹಿ ಸೇವ್ ಆಗಿದ್ದರೆ ಅದು ರಜೆಯ ಉತ್ತರದ ಕೆಳಗೂ ತಾನಾಗಿ ಸೇರಿಕೊಳ್ಳುತ್ತದೆ. ಸಹಿಯಲ್ಲಿ ಮೊಬೈಲ್ ನಂಬರ್ ಇದ್ದರೆ ನೀವು ಬರಹದಿಂದ ತೆಗೆದದ್ದು ಹಿಂಬಾಗಿಲಿನಿಂದ ವಾಪಸ್ ಬಂದಿರುತ್ತದೆ. ಫೋನ್ ನಿಲ್ಲಲಿಲ್ಲ ಅಂತ ಹೇಳುವವರ ಸಹಿಯನ್ನು ನಾನು ಮೊದಲು ನೋಡುವುದು ಇದಕ್ಕೇ. ರಜೆ ಮುಗಿಯುವವರೆಗೆ ಆ ಸಾಲನ್ನು ಸಹಿಯಿಂದ ತೆಗೆದಿಡಿ.

ಸಪ್ಲೈಯರ್‌ಗಳು ಮೇಲ್ ಬಿಟ್ಟು ವಾಟ್ಸ್‌ಆ್ಯಪ್‌ಗೆ ಬರುವುದೂ ಇದೆ. ಆಫೀಸಿನ ನಂಬರ್ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿದ್ದರೆ ಅದರಲ್ಲಿ Away message ಅಂತ ಇದೆ. ತಾರೀಖು ಗೊತ್ತುಮಾಡಿ ಇದೇ ಸಾಲುಗಳನ್ನು ಅಲ್ಲೂ ಹಾಕಬಹುದು. ನಿಮ್ಮ ಸ್ವಂತ ನಂಬರಿನ ಸಾಮಾನ್ಯ ವಾಟ್ಸ್‌ಆ್ಯಪ್‌ನಲ್ಲಿ ಆ ಸೌಲಭ್ಯ ಇಲ್ಲ. ದಿನಾ ಮೆಸೇಜ್ ಹಾಕುವ ನಾಲ್ಕೈದು ಜನರಿಗೆ ಹೊರಡುವ ಎರಡು ದಿನ ಮೊದಲೇ ಹೇಳಿಬಿಡುವುದೇ ದಾರಿ.

11ನೇ ತಾರೀಖು ಮಧ್ಯಾಹ್ನ ಒಂದು ಪರೀಕ್ಷೆ ಮಾಡಿ. ಆಟೋ ರಿಪ್ಲೈಯನ್ನು ಸ್ವಲ್ಪ ಹೊತ್ತು ಆನ್ ಮಾಡಿ, ನಿಮ್ಮ ಸ್ವಂತ ಮೇಲ್‌ನಿಂದ ಆಫೀಸ್ ಮೇಲ್‌ಗೆ ಒಂದು ಸಾಲು ಕಳಿಸಿ. ಬಂದ ಉತ್ತರವನ್ನು ಫೋನಿನಲ್ಲೇ ಓದಿ, ಏಕೆಂದರೆ ಹೆಚ್ಚಿನವರು ಓದುವುದು ಅಲ್ಲೇ. ಎರಡನೇ ಸಲ ಕಳಿಸಿದಾಗ ಉತ್ತರ ಬರಲಿಲ್ಲ ಅಂದರೆ ಗಾಬರಿ ಬೇಡ. ಔಟ್‌ಲುಕ್ ಒಬ್ಬರಿಗೆ ಒಂದೇ ಸಲ ಕಳಿಸುತ್ತದೆ, ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಜಿಮೇಲ್ ಅದೇ ವ್ಯಕ್ತಿಗೆ ನಾಲ್ಕು ದಿನ ಕಳೆದ ಮೇಲೆ ಮಾತ್ರ ಮತ್ತೆ ಕಳಿಸುತ್ತದೆ, ನಡುವೆ ಬರಹ ತಿದ್ದಿದರೆ ಆಗಲೂ ಕಳಿಸುತ್ತದೆ.

ಆಮೇಲೆ ಅದೇ ಸ್ವಂತ ಮೇಲ್‌ನಿಂದ `accounts@` ವಿಳಾಸಕ್ಕೂ ಒಂದು ಮೇಲ್ ಹಾಕಿ. ಎಷ್ಟೋ ಆಫೀಸುಗಳಲ್ಲಿ ಇಂಥ ಗುಂಪು ವಿಳಾಸಗಳು ಒಳಗಿನವರ ಮೇಲ್ ಮಾತ್ರ ತೆಗೆದುಕೊಳ್ಳುವಂತೆ ಸೆಟ್ ಆಗಿರುತ್ತವೆ. ಹೊರಗಿನವರದ್ದು ತಲುಪದೆ ವಾಪಸ್ ಹೋಗುತ್ತದೆ, ಇಲ್ಲವೇ ಒಪ್ಪಿಗೆಗೆ ಕಾಯುತ್ತಾ ಅಲ್ಲೇ ನಿಂತಿರುತ್ತದೆ. ಒಳಗಿನಿಂದ ಪರೀಕ್ಷೆ ಮಾಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಜವಾಬ್ದಾರಿ ಹೊತ್ತವರು ಆ ಮೇಲ್ ತಮಗೆ ಬಂತು ಅಂತ ಹೇಳಿದ ಮೇಲೆಯೇ ನಿಮ್ಮ ಕಂಪ್ಯೂಟರ್ ಆಫ್ ಮಾಡಿ. ಬರಲಿಲ್ಲ ಅಂದರೆ ಹೊರಗಿನವರ ಮೇಲ್‌ಗೂ ತೆರೆದುಕೊಡಲು ನಿಮ್ಮ ಮೇಲ್ ವ್ಯವಸ್ಥೆ ನೋಡಿಕೊಳ್ಳುವವರಿಗೆ ಅವತ್ತೇ ಹೇಳಿ. ಅದು ಅವರಿಗೆ ಐದು ನಿಮಿಷದ ಕೆಲಸ.